ಬಾಡಿಗೆಯ ಲಾಗ್ ತೆಗೆದು ರಿಗ್ರೆಷನ್ ಮಾಡಿದಾಗ ಗುಣಾಂಕವನ್ನು ಶೇಕಡಾ ಲೆಕ್ಕದಲ್ಲಿ ಓದುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಬೆಂಗಳೂರಿನಲ್ಲಿ ಬಾಡಿಗೆ ಮನೆಯ ಮಾತುಕತೆ ನಡೆಯುವುದೇ ಅನುಪಾತಗಳಲ್ಲಿ. ಅಡ್ವಾನ್ಸ್ ಎಷ್ಟು ಎಂದು ಕೇಳಿದರೆ ಮಾಲೀಕರು ಇಷ್ಟು ತಿಂಗಳ ಬಾಡಿಗೆ ಎನ್ನುತ್ತಾರೆಯೇ ಹೊರತು ಮೊತ್ತವನ್ನು ಮೊದಲು ಹೇಳುವುದಿಲ್ಲ. ಹನ್ನೊಂದು ತಿಂಗಳ ಕರಾರು ಮುಗಿದಾಗ ಆಗುವ ಏರಿಕೆಯನ್ನೂ ಕರಾರು ಪತ್ರದಲ್ಲಿ ಸಾಮಾನ್ಯವಾಗಿ ಶೇಕಡಾದಲ್ಲೇ ಬರೆದಿರುತ್ತದೆ. ಹೀಗಿರುವಾಗ ಬಾಡಿಗೆಯನ್ನು ರೂಪಾಯಿಯಲ್ಲೇ ಇಟ್ಟು ನೇರವಾಗಿ ರಿಗ್ರೆಷನ್ ಮಾಡಿದರೆ, ಫರ್ನಿಶ್ಡ್ ಆಗಿದ್ದರೆ ₹15,000 ಬಾಡಿಗೆಯ ಮನೆಗೂ ₹60,000 ಬಾಡಿಗೆಯ ಮನೆಗೂ ಒಂದೇ ಮೊತ್ತ ಹೆಚ್ಚುತ್ತದೆ ಎಂದು ನಾವೇ ಮೊದಲೇ ತೀರ್ಮಾನಿಸಿಬಿಟ್ಟಂತಾಗುತ್ತದೆ. ಅವಲಂಬಿತ ಚರದ, ಎಂದರೆ ಇಲ್ಲಿ ಬಾಡಿಗೆಯ, ಲಾಗ್ ತೆಗೆಯುವುದು ಆ ತೀರ್ಮಾನವನ್ನು ಬದಲಿಸುವುದಕ್ಕಾಗಿ. ಆಗ ಪ್ರತಿಯೊಂದು ಅಂಶವೂ ಬಾಡಿಗೆಗೆ ಒಂದು ಮೊತ್ತವನ್ನು ಕೂಡಿಸುವ ಬದಲು ಬಾಡಿಗೆಯನ್ನು ಒಂದು ಸಂಖ್ಯೆಯಿಂದ ಗುಣಿಸುತ್ತದೆ.

ಲಾಗ್ ತೆಗೆಯುವುದು ಒಂದು ಸಾಲಿನ ಕೆಲಸ. ಬಂದ ಗುಣಾಂಕವನ್ನು ಓದುವಲ್ಲಿಯೇ ಹೆಚ್ಚಿನ ತಪ್ಪುಗಳಾಗುವುದರಿಂದ ಈ ಬರಹದ ಬಹುಪಾಲು ಅದಕ್ಕೇ ಮೀಸಲು. ಇಲ್ಲಿರುವ ಬಾಡಿಗೆಗಳೂ ಗುಣಾಂಕಗಳೂ ಲೆಕ್ಕ ತೋರಿಸುವುದಕ್ಕಾಗಿ ನಾನೇ ಕಟ್ಟಿಕೊಂಡವು. ಅವನ್ನು ನಗರದ ಬಾಡಿಗೆ ಸಮೀಕ್ಷೆಯೆಂದು ಯಾರೂ ಎತ್ತಿಕೊಳ್ಳಬಾರದು.

ಮೊದಲು ಕೈಯಲ್ಲೇ ಲೆಕ್ಕ ಹಾಕಿ ನೋಡುವುದು

ಕಂಪ್ಯೂಟರಿಗೆ ಹೋಗುವ ಮುನ್ನ ಆರು ಮನೆಗಳನ್ನು ತೆಗೆದುಕೊಳ್ಳೋಣ. ಮೂರು ಮನೆಗಳು ಖಾಲಿ ಗೋಡೆಯವು. ಬಾಡಿಗೆ ₹16,000, ₹20,000 ಮತ್ತು ₹25,000. ಇನ್ನು ಮೂರು ಫರ್ನಿಶ್ಡ್; ಬಾಡಿಗೆ ₹20,000, ₹30,000 ಮತ್ತು ₹45,000. ಮೊದಲ ಗುಂಪಿನ ಸ್ವಾಭಾವಿಕ ಲಾಗ್‌ಗಳು ಕ್ರಮವಾಗಿ 9.680, 9.903 ಮತ್ತು 10.127; ಅವುಗಳ ಸರಾಸರಿ 9.903. ಎರಡನೆಯ ಗುಂಪಿನವು 9.903, 10.309 ಮತ್ತು 10.714, ಸರಾಸರಿ 10.309. ಎರಡು ಸರಾಸರಿಗಳ ವ್ಯತ್ಯಾಸ, ದಶಮಾಂಶಗಳನ್ನು ಪೂರ್ತಿ ಉಳಿಸಿಕೊಂಡು ಕಳೆದರೆ, 0.4055. ಫರ್ನಿಶ್ಡ್ ಆಗಿದ್ದರೆ 1, ಇಲ್ಲದಿದ್ದರೆ 0 ಎಂಬ ಒಂದೇ ಚರವನ್ನಿಟ್ಟು ಬಾಡಿಗೆಯ ಲಾಗ್ ಮೇಲೆ ರಿಗ್ರೆಷನ್ ಮಾಡಿದರೆ ಬರುವ ಗುಣಾಂಕವೂ ಸರಿಯಾಗಿ ಇದೇ.

ಈ 0.4055 ಎನ್ನುವುದು ಶೇ. 40.55 ಅಲ್ಲ. ಲಾಗ್‌ಗಳ ವ್ಯತ್ಯಾಸ ಎಂದರೆ ಅನುಪಾತದ ಲಾಗ್. ಅನುಪಾತ ಬೇಕಿದ್ದರೆ `exp` ಹಾಕಿ ಲಾಗನ್ನು ಬಿಡಿಸಬೇಕು. `exp(0.4055)` ಎಂದರೆ 1.5. ಅಂದರೆ ಫರ್ನಿಶ್ಡ್ ಮನೆಯ ಬಾಡಿಗೆ ಖಾಲಿ ಮನೆಯದರ ಒಂದೂವರೆ ಪಟ್ಟು, ಶೇ. 50 ಹೆಚ್ಚು. ಗುಣಾಂಕವನ್ನು `b` ಎಂದುಕೊಂಡು ಸೂತ್ರವಾಗಿ ಬರೆದರೆ ಹೀಗೆ:

```
100 * (exp(b) - 1)
```

ಇಲ್ಲಿ ಯಾವುದರ ಒಂದೂವರೆ ಪಟ್ಟು ಎಂಬ ಪ್ರಶ್ನೆಯನ್ನು ಹೆಚ್ಚಿನವರು ಕೇಳಿಕೊಳ್ಳುವುದೇ ಇಲ್ಲ. ಮೂರು ಬಾಡಿಗೆಗಳನ್ನು ಕೂಡಿ ಮೂರರಿಂದ ಭಾಗಿಸಿದರೆ ಖಾಲಿ ಮನೆಗಳ ಸರಾಸರಿ ₹20,333, ಫರ್ನಿಶ್ಡ್ ಮನೆಗಳದು ₹31,667. ಇವುಗಳ ಅನುಪಾತ 1.557, ಅಂದರೆ ಶೇ. 55.7 ಹೆಚ್ಚು. ಶೇ. 50 ಎಲ್ಲಿಂದ ಬಂತು? ಲಾಗ್‌ಗಳ ಸರಾಸರಿಯನ್ನು ಬಿಡಿಸಿದಾಗ ಸಿಗುವುದು ಗುಣೋತ್ತರ ಸರಾಸರಿ, ಅಂದರೆ ಮೂರೂ ಬಾಡಿಗೆಗಳನ್ನು ಗುಣಿಸಿ ಅದರ ಘನಮೂಲ ತೆಗೆದರೆ ಬರುವ ಸಂಖ್ಯೆ. ಅದು ಮೊದಲ ಗುಂಪಿಗೆ ₹20,000, ಎರಡನೆಯ ಗುಂಪಿಗೆ ₹30,000. ಲಾಗ್ ಮಾದರಿಯ ಗುಣಾಂಕ ಹೇಳುವ ಶೇಕಡಾ ಯಾವಾಗಲೂ ಗುಣೋತ್ತರ ಸರಾಸರಿಯ ಬಗ್ಗೆ. ಎರಡು ಗುಂಪುಗಳಲ್ಲಿ ಲಾಗ್ ಮಾನದಲ್ಲಿನ ಹರಡುವಿಕೆ ಒಂದೇ ಸಮನಾಗಿದ್ದರೆ ಎರಡು ಬಗೆಯ ಸರಾಸರಿಗಳೂ ಹೆಚ್ಚುಕಡಿಮೆ ಒಂದೇ ಶೇಕಡಾ ಕೊಡುತ್ತವೆ. ನಮ್ಮ ಉದಾಹರಣೆಯಲ್ಲಿ ಫರ್ನಿಶ್ಡ್ ಮನೆಗಳ ಬಾಡಿಗೆ ಹೆಚ್ಚು ಹರಡಿಕೊಂಡಿರುವುದರಿಂದ ಶೇ. 50ಕ್ಕೂ ಶೇ. 55.7ಕ್ಕೂ ಅಂತರ ಬಿದ್ದಿದೆ. ಈ ಸಂಗತಿ ಮುಂದೆ ಮತ್ತೆ ಬೇಕಾಗುತ್ತದೆ.

ಯಾವ ಲಾಗ್ ಎಂಬುದನ್ನು ಖಚಿತಪಡಿಸಿಕೊಳ್ಳುವುದು

R ಭಾಷೆಯ `log()` ಮತ್ತು ಪೈಥಾನ್‌ನ `np.log()` ಎರಡೂ ಸ್ವಾಭಾವಿಕ ಲಾಗ್ ಕೊಡುತ್ತವೆ. ಎಕ್ಸೆಲ್‌ನಲ್ಲಿ `LOG` ಎಂದು ಬರೆದು ಬೇರೇನೂ ಹೇಳದಿದ್ದರೆ ಅದು 10ರ ಆಧಾರದ ಲಾಗ್ ಕೊಡುತ್ತದೆ. ಸ್ವಾಭಾವಿಕ ಲಾಗ್ ಬೇಕಿದ್ದರೆ `LN` ಎಂದೇ ಬರೆಯಬೇಕು. ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ ಬಾಡಿಗೆಯ ಕಾಲಂಗೆ ಎಕ್ಸೆಲ್‌ನಲ್ಲೇ `LOG` ಹಾಕಿಟ್ಟು ಆ ಕಡತವನ್ನು R ಒಳಕ್ಕೆ ತಂದಿದ್ದೆ. ಫರ್ನಿಶ್ಡ್ ಗುಣಾಂಕ 0.176 ಎಂದು ಬಂತು. ಗುಣಾಂಕ ಚಿಕ್ಕದಿದೆಯಲ್ಲ ಎಂದುಕೊಂಡು `exp` ಹಾಕುವ ಗೋಜಿಗೂ ಹೋಗದೆ ಶೇ. 17.6 ಎಂದು ವರದಿಯಲ್ಲಿ ಬರೆದೆ. ವರದಿ ಓದಿದ ಹಿರಿಯರೊಬ್ಬರು, ಇಂದಿರಾನಗರದಲ್ಲಿ ಎರಡು ಮನೆ ಬಾಡಿಗೆಗೆ ಕೊಟ್ಟವರು, “ಸೋಫಾ, ಮಂಚ, ಫ್ರಿಜ್ ಎಲ್ಲ ಹಾಕಿಕೊಟ್ಟು ಬರೀ ಹದಿನೇಳು ಪರ್ಸೆಂಟಿಗೆ ಯಾರ್ರೀ ಕೊಡ್ತಾರೆ?” ಎಂದು ಕೇಳಿದ ಮೇಲೆಯೇ ನಾನು ಕಾಲಂ ತೆರೆದು ನೋಡಿದ್ದು. 10ರ ಆಧಾರದಲ್ಲಿ 1.5ರ ಲಾಗ್ 0.176. ಸರಿಯಾದ ಉತ್ತರ ಶೇ. 50 ಆಗಿತ್ತು.

ಇದನ್ನು ಪತ್ತೆ ಮಾಡುವುದು ಸುಲಭ. ಹತ್ತು ಸಾವಿರದಿಂದ ಒಂದು ಲಕ್ಷದವರೆಗಿನ ಬಾಡಿಗೆಗಳ ಲಾಗ್ ಕಾಲಂ 4 ಮತ್ತು 5ರ ನಡುವೆ ಇದ್ದರೆ ಅದು 10ರ ಆಧಾರದ್ದು, 9.2 ಮತ್ತು 11.5ರ ನಡುವೆ ಇದ್ದರೆ ಸ್ವಾಭಾವಿಕ. 10ರ ಆಧಾರದ ಗುಣಾಂಕ ಕೈಗೆ ಬಂದಿದ್ದರೆ ಅದನ್ನು 2.3026ರಿಂದ ಗುಣಿಸಿ ಆಮೇಲೆ `exp` ಹಾಕಬಹುದು. ಅದಕ್ಕಿಂತ ಕಡತದಲ್ಲಿ ಬಾಡಿಗೆಯನ್ನು ರೂಪಾಯಿಯಲ್ಲೇ ಇಟ್ಟು ಲಾಗನ್ನು ಮಾದರಿಯ ಸೂತ್ರದೊಳಗೇ ತೆಗೆಯುವುದು ಒಳ್ಳೆಯ ಅಭ್ಯಾಸ ಎಂಬುದು ಆಮೇಲೆ ನಾನು ಕಲಿತದ್ದು.

ಲಾಗ್ ಬೇಕೇ ಎಂದು ನೋಡುವುದು

ಈಗ ದೊಡ್ಡ ಉದಾಹರಣೆಗೆ ಬರೋಣ. `badige.csv` ಎಂಬ ಕಡತದಲ್ಲಿ 400 ಮನೆಗಳಿವೆ ಎಂದುಕೊಳ್ಳಿ. ಪ್ರತಿ ಸಾಲಿನಲ್ಲಿ ತಿಂಗಳ ಬಾಡಿಗೆ, ನೂರು ಚದರಡಿಗಳ ಲೆಕ್ಕದಲ್ಲಿ ವಿಸ್ತೀರ್ಣ, ಹತ್ತಿರದ ಮೆಟ್ರೊ ನಿಲ್ದಾಣಕ್ಕೆ ಕಿಲೋಮೀಟರ್ ದೂರ, ಕಾವೇರಿ ನೀರಿನ ಸಂಪರ್ಕ ಇದೆಯೇ, ಮನೆ ಫರ್ನಿಶ್ಡ್ ಹೌದೇ ಎಂಬ ವಿವರಗಳಿವೆ. ಮೊದಲು ಲಾಗ್ ಇಲ್ಲದೆಯೇ ಮಾದರಿಯನ್ನು ಓಡಿಸಿ ಶೇಷಗಳನ್ನು, ಎಂದರೆ ನಿಜವಾದ ಬಾಡಿಗೆಗೂ ಮಾದರಿಯ ಅಂದಾಜಿಗೂ ಇರುವ ಅಂತರಗಳನ್ನು, ನೋಡಬೇಕು.

```r
d <- read.csv("badige.csv")
m1 <- lm(rent ~ area100 + metro_km + kaveri + furnished, data = d)
plot(fitted(m1), resid(m1))
```

ಚಿತ್ರದಲ್ಲಿ ಎಡಗಡೆ ಕಿರಿದಾಗಿ ಬಲಗಡೆಗೆ ಬೀಸಣಿಗೆಯಂತೆ ಅಗಲವಾಗುತ್ತ ಹೋದರೆ, ಅಂದರೆ ಅಗ್ಗದ ಮನೆಗಳಲ್ಲಿ ಅಂದಾಜು ಒಂದೆರಡು ಸಾವಿರದಷ್ಟು ತಪ್ಪಿ ದುಬಾರಿ ಮನೆಗಳಲ್ಲಿ ಹದಿನೈದು ಇಪ್ಪತ್ತು ಸಾವಿರದಷ್ಟು ತಪ್ಪುತ್ತಿದ್ದರೆ, ಲಾಗ್‌ಗೆ ಕಾರಣವಿದೆ. ಲಾಗ್ ತೆಗೆದು ಓಡಿಸಿದ ಮೇಲೆ ಅದೇ ಚಿತ್ರವನ್ನು ಮತ್ತೆ ಬಿಡಿಸಿ, ಚುಕ್ಕೆಗಳು ಹೆಚ್ಚುಕಡಿಮೆ ಒಂದೇ ಅಗಲದ ಪಟ್ಟಿಯಾಗಿವೆಯೇ ಎಂದು ನೋಡಬೇಕು. ಬೀಸಣಿಗೆ ತಿರುಗಿಬಿದ್ದು ಎಡಗಡೆಯೇ ಅಗಲವಾಗಿದ್ದರೆ ಲಾಗ್ ಅತಿಯಾಗಿದೆ ಎಂದರ್ಥ. ಬಾಡಿಗೆಯಲ್ಲಿ ಎಲ್ಲರಿಗೂ ಒಂದೇ ಸಮನಾದ ಒಂದು ಮೊತ್ತ ಸೇರಿಕೊಂಡಿದ್ದರೂ ಮಾದರಿ ಕೆಡುತ್ತದೆ: ಕೆಲವು ಮಾಲೀಕರು ₹2,500 ಮೇಂಟೆನೆನ್ಸ್ ಸೇರಿಸಿ ಹೇಳುತ್ತಾರೆ, ಕೆಲವರು ಬಿಟ್ಟು ಹೇಳುತ್ತಾರೆ. ಆ ಮೊತ್ತ ಗುಣಾಕಾರವಾಗಿ ಕೆಲಸ ಮಾಡುವುದಿಲ್ಲ, ಬರೀ ಕೂಡುತ್ತದೆ. ಆದ್ದರಿಂದ ಲಾಗ್ ತೆಗೆಯುವ ಮೊದಲೇ ಅದನ್ನು ಕಳೆದುಬಿಡಬೇಕು.

ಎರಡು ಮಾದರಿಗಳ R² ಪಕ್ಕಪಕ್ಕ ಇಟ್ಟು ಯಾವುದು ದೊಡ್ಡದೋ ಅದೇ ಒಳ್ಳೆಯದು ಎನ್ನುವಂತಿಲ್ಲ. ಒಂದು ರೂಪಾಯಿಯ ಏರಿಳಿತವನ್ನು ವಿವರಿಸುತ್ತಿದೆ, ಇನ್ನೊಂದು ಲಾಗ್ ರೂಪಾಯಿಯದನ್ನು. ಅಳೆಯುತ್ತಿರುವ ವಸ್ತುವೇ ಬೇರೆ.

ಮಾದರಿ ಓಡಿಸಿ ಗುಣಾಂಕ ಓದುವುದು

```r
m2 <- lm(log(rent) ~ area100 + metro_km + kaveri + furnished, data = d)
100 * (exp(coef(m2)) - 1)
```

ಗುಣಾಂಕಗಳು ಹೀಗೆ ಬಂದಿವೆ ಎಂದಿಟ್ಟುಕೊಳ್ಳೋಣ: ಸ್ಥಿರಾಂಕ 9.30, ವಿಸ್ತೀರ್ಣ 0.085, ಮೆಟ್ರೊ ದೂರ −0.062, ಕಾವೇರಿ 0.148, ಫರ್ನಿಶ್ಡ್ 0.405. ಮೇಲಿನ ಎರಡನೆಯ ಸಾಲು ಇವನ್ನು ಶೇಕಡಾಕ್ಕೆ ತಿರುಗಿಸಿ 8.87, −6.01, 15.95, 49.93 ಎಂದು ಕೊಡುತ್ತದೆ. ಸ್ಥಿರಾಂಕದ ಜಾಗದಲ್ಲಿ ಹತ್ತು ಲಕ್ಷ ದಾಟಿದ ಸಂಖ್ಯೆಯೊಂದು ಕಾಣಿಸುತ್ತದೆ; ಅದನ್ನು ಕಂಡು ಗಾಬರಿಯಾಗಬೇಕಿಲ್ಲ. ಸ್ಥಿರಾಂಕಕ್ಕೆ ಶೇಕಡಾ ಎಂಬುದೇ ಇಲ್ಲ. `exp(9.30)` ಎಂದರೆ ಸುಮಾರು ₹10,938. ಅದು ಸೊನ್ನೆ ಚದರಡಿಯ, ಮೆಟ್ರೊ ಬಾಗಿಲಲ್ಲೇ ಇರುವ ಮನೆಯೊಂದರ ಬಾಡಿಗೆ, ಅಂದರೆ ಯಾರೂ ಇರಲಾಗದ ಮನೆಯದು.

ಉಳಿದವನ್ನು ಒಂದೊಂದಾಗಿ ಓದೋಣ. ಬೇರೆ ಮೂರು ಅಂಶಗಳು ಒಂದೇ ಆಗಿರುವ ಎರಡು ಮನೆಗಳಲ್ಲಿ ಒಂದು ನೂರು ಚದರಡಿ ದೊಡ್ಡದಾಗಿದ್ದರೆ ಅದರ ಬಾಡಿಗೆ ಶೇ. 8.9 ಹೆಚ್ಚು. ಇದು ₹15,000ದ ಮನೆಗೆ ಸುಮಾರು ₹1,330, ₹60,000ದ ಮನೆಗೆ ಸುಮಾರು ₹5,320. ಮೆಟ್ರೊದಿಂದ ಒಂದು ಕಿಲೋಮೀಟರ್ ದೂರ ಸರಿದರೆ ಬಾಡಿಗೆ ಶೇ. 6 ಕಡಿಮೆ. ಕಾವೇರಿ ನೀರು ಬರುವ ಮನೆಗೆ, ಬೋರ್‌ವೆಲ್ ಅಥವಾ ಟ್ಯಾಂಕರ್ ನೀರನ್ನೇ ನಂಬಿದ ಮನೆಗಿಂತ, ಬಾಡಿಗೆ ಸುಮಾರು ಶೇ. 16 ಹೆಚ್ಚು.

ಗುಣಾಂಕವನ್ನು ನೂರರಿಂದ ಗುಣಿಸಿ ಅದನ್ನೇ ಶೇಕಡಾ ಎಂದು ಓದುವ ಅಡ್ಡದಾರಿ ಎಲ್ಲಿಯವರೆಗೆ ನಡೆಯುತ್ತದೆ ಎಂಬುದು ಈ ನಾಲ್ಕರಲ್ಲೇ ಕಾಣುತ್ತದೆ. ದೂರದ 6.2ಕ್ಕೂ 6.01ಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಕಾವೇರಿಯಲ್ಲಿ 14.8 ಮತ್ತು 15.95, ಅಂದರೆ ಒಂದು ಶೇಕಡಾ ಅಂಶಕ್ಕಿಂತ ಹೆಚ್ಚು ಅಂತರ. ಫರ್ನಿಶ್ಡ್‌ನಲ್ಲಿ 40.5 ಮತ್ತು 49.93, ಇದನ್ನು ಬಿಡುವಂತಿಲ್ಲ. ಗುಣಾಂಕ 0.1 ದಾಟುವವರೆಗೆ ಅಡ್ಡದಾರಿ ಸಹ್ಯ ಎಂದು ಹೇಳುವುದು ವಾಡಿಕೆ. ಆದರೆ ಒಂದು ಸಾಲಿನ ಲೆಕ್ಕವನ್ನು ಉಳಿಸಲು ಅಡ್ಡದಾರಿ ಹಿಡಿಯುವುದು ನನಗೆ ಒಪ್ಪಿಗೆಯಿಲ್ಲ. ಋಣ ಗುಣಾಂಕಗಳಲ್ಲಿ ತಪ್ಪು ಇನ್ನೊಂದು ದಿಕ್ಕಿಗೆ ಹೋಗುತ್ತದೆ: −0.7 ಎಂದರೆ ಶೇ. 70 ಇಳಿಕೆಯಲ್ಲ, ಶೇ. 50.3 ಇಳಿಕೆ.

ಶೇಕಡಾ ಯಾವುದಕ್ಕೆ ಹೋಲಿಸಿದ್ದು ಎಂಬುದನ್ನೂ ಬಿಡದೆ ಹೇಳಬೇಕು. ಖಾಲಿ ಮನೆಗಿಂತ ಫರ್ನಿಶ್ಡ್ ಮನೆಗೆ ಶೇ. 50 ಹೆಚ್ಚು ಎಂಬುದನ್ನು ತಿರುಗಿಸಿದರೆ ಫರ್ನಿಶ್ಡ್‌ಗಿಂತ ಖಾಲಿ ಮನೆಗೆ ಶೇ. 50 ಕಡಿಮೆ ಎಂದಾಗುವುದಿಲ್ಲ. `exp(-0.405)` ಎಂದರೆ 0.667, ಆದ್ದರಿಂದ ಶೇ. 33.3 ಕಡಿಮೆ. ಲಾಗ್ ಮಾನದಲ್ಲಿ ಎರಡೂ ಒಂದೇ ಗಾತ್ರ, ಶೇಕಡಾದಲ್ಲಿ ಅಲ್ಲ.

ಒಂದಕ್ಕಿಂತ ಹೆಚ್ಚು ಮಾನ ಬದಲಾದಾಗ

ಮೆಟ್ರೊ ನಿಲ್ದಾಣಕ್ಕೆ ಅಂಟಿಕೊಂಡ ಮನೆಗೂ ಐದು ಕಿಲೋಮೀಟರ್ ಆಚೆಯ ಮನೆಗೂ ಎಷ್ಟು ವ್ಯತ್ಯಾಸ ಎಂದು ಕೇಳಿದರೆ 6.01ನ್ನು ಐದರಿಂದ ಗುಣಿಸಿ ಶೇ. 30 ಎನ್ನುವವರು ಬಹಳ. ಪ್ರತಿ ಕಿಲೋಮೀಟರೂ ಅದರ ಹಿಂದಿನ ಬಾಡಿಗೆಯ ಶೇ. 6ನ್ನು ಕಳೆಯುತ್ತದೆ, ಮೂಲ ಬಾಡಿಗೆಯ ಶೇ. 6ನ್ನಲ್ಲ. ಆದ್ದರಿಂದ ಮೊದಲು ಗುಣಾಂಕವನ್ನು ಐದರಿಂದ ಗುಣಿಸಿ −0.31 ಮಾಡಿಕೊಂಡು, ಆಮೇಲೆ `exp` ಹಾಕಬೇಕು. ಬರುವುದು 0.733, ಅಂದರೆ ಶೇ. 26.7 ಇಳಿಕೆ. ಏರಿಕೆಯಲ್ಲಿ ಇದು ಚಕ್ರಬಡ್ಡಿಯ ಹಾಗೆ: ಐನೂರು ಚದರಡಿ ಹೆಚ್ಚಾದರೆ 8.87ರ ಐದು ಪಟ್ಟು ಶೇ. 44 ಅಲ್ಲ, `exp(0.425)` ಪ್ರಕಾರ ಶೇ. 53. ಲಾಗ್ ಮಾನದಲ್ಲಿ ಇರುವವರೆಗೆ ಕೂಡಿ ಗುಣಿಸಿ ಮಾಡಬೇಕಾದದ್ದನ್ನೆಲ್ಲ ಮಾಡಿ ಮುಗಿಸಿ, ಕಟ್ಟಕಡೆಗೆ ಒಮ್ಮೆ ಮಾತ್ರ `exp` ಹಾಕುವುದು ಎಂದು ನೆನಪಿಟ್ಟುಕೊಂಡರೆ ಈ ತಪ್ಪು ಆಗುವುದಿಲ್ಲ.

ವಿಶ್ವಾಸಾಂತರಕ್ಕೂ ಇದೇ ಕ್ರಮ. ಫರ್ನಿಶ್ಡ್ ಗುಣಾಂಕದ ಪ್ರಮಾಣ ದೋಷ 0.045 ಎಂದಿದ್ದರೆ ಶೇ. 95ರ ಅಂತರ ಲಾಗ್ ಮಾನದಲ್ಲಿ 0.317ರಿಂದ 0.493. ಎರಡು ತುದಿಗಳನ್ನೂ ಬೇರೆಬೇರೆಯಾಗಿ ತಿರುಗಿಸಿದರೆ ಶೇ. 37.3ರಿಂದ ಶೇ. 63.7. ಮಧ್ಯದ 49.9ರಿಂದ ಕೆಳತುದಿ 12.6 ದೂರದಲ್ಲಿ, ಮೇಲ್ತುದಿ 13.8 ದೂರದಲ್ಲಿ ಇದೆ. ಈ ಓರೆ ಸಹಜ. ಪ್ರಮಾಣ ದೋಷಕ್ಕೇ `exp` ಹಾಕಿ ಅದನ್ನು ಶೇಕಡಾಕ್ಕೆ ಕೂಡಿಸಿ ಕಳೆದರೆ ಬರುವ ಸಂಖ್ಯೆಗೆ ಯಾವ ಅರ್ಥವೂ ಇಲ್ಲ.

```r
100 * (exp(confint(m2)) - 1)
```

ಹೌದು-ಇಲ್ಲ ಚರಗಳ ಗುಣಾಂಕವನ್ನು ಹೀಗೆ `exp` ಹಾಕಿಯೇ ಓದಬೇಕೆಂದು ಹಾಲ್ವರ್ಸನ್ ಮತ್ತು ಪಾಮ್‌ಕ್ವಿಸ್ಟ್ 1980ರಲ್ಲಿ ತೋರಿಸಿದರು. ಮರುವರ್ಷ ಕೆನೆಡಿ ಅದಕ್ಕೊಂದು ಸಣ್ಣ ತಿದ್ದುಪಡಿ ಸೇರಿಸಿದರು: `exp` ಹಾಕುವ ಮೊದಲು ಗುಣಾಂಕದಿಂದ ಅದರ ಪ್ರಮಾಣ ದೋಷದ ವರ್ಗದ ಅರ್ಧವನ್ನು ಕಳೆಯುವುದು. ನಮ್ಮ ಲೆಕ್ಕದಲ್ಲಿ ಅದು 49.9ನ್ನು 49.8 ಮಾಡುತ್ತದೆ, ಅಷ್ಟೆ. ಮನೆಗಳು ಇಪ್ಪತ್ತೋ ಮೂವತ್ತೋ ಇದ್ದು ಪ್ರಮಾಣ ದೋಷ ದೊಡ್ಡದಿದ್ದಾಗ ಮಾತ್ರ ಇದರ ಬಗ್ಗೆ ಯೋಚಿಸಬೇಕು.

ಬಲಗಡೆಯೂ ಲಾಗ್ ಇದ್ದಾಗ

ಐನೂರರಿಂದ ಆರುನೂರು ಚದರಡಿಗೆ ಹೋದರೂ, ಎರಡೂವರೆ ಸಾವಿರದಿಂದ ಇಪ್ಪತ್ತಾರುನೂರಕ್ಕೆ ಹೋದರೂ ಬಾಡಿಗೆ ಒಂದೇ ಶೇ. 8.9 ಏರುತ್ತದೆ ಎಂಬುದು ಮೇಲಿನ ಮಾದರಿಯ ಮಾತು. ಮನೆ ನೋಡಿದವರು ಯಾರೂ ಇದನ್ನು ಒಪ್ಪಲಾರರು. ಆದ್ದರಿಂದ ವಿಸ್ತೀರ್ಣದ ಲಾಗನ್ನೂ ತೆಗೆಯುವುದು ಒಳ್ಳೆಯದು. ಆಗ ಗುಣಾಂಕವನ್ನು ಓದುವ ಬಗೆ ಬದಲಾಗುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. `log(area)` ಗುಣಾಂಕ 0.80 ಬಂದರೆ, ವಿಸ್ತೀರ್ಣ ಶೇ. 1 ಹೆಚ್ಚಿದಾಗ ಬಾಡಿಗೆ ಸುಮಾರು ಶೇ. 0.8 ಹೆಚ್ಚುತ್ತದೆ. ವಿಸ್ತೀರ್ಣ ಶೇ. 10 ಹೆಚ್ಚಿದರೆ 1.1ರ 0.80ನೇ ಘಾತ, ಅಂದರೆ 1.079, ಶೇ. 7.9 ಏರಿಕೆ. ವಿಸ್ತೀರ್ಣ ಎರಡರಷ್ಟಾದರೆ 2ರ 0.80ನೇ ಘಾತ, ಶೇ. 74 ಏರಿಕೆ. ಈ ಗುಣಾಂಕಕ್ಕೆ ಅಭ್ಯಾಸಬಲದಿಂದ `exp` ಹಾಕಿ ಶೇ. 123 ಎಂದು ಬರೆದದ್ದನ್ನು ನಾನು ಹಲವು ಸಲ ತಿದ್ದಿದ್ದೇನೆ. ಅದು ವಿಸ್ತೀರ್ಣ 2.718 ಪಟ್ಟಾದಾಗಿನ ಏರಿಕೆ, ಯಾರಿಗೂ ಬೇಡದ ಸಂಖ್ಯೆ.

ಮತ್ತೆ ರೂಪಾಯಿಗೆ ಬರುವುದು

ಗುಣಾಂಕ ಓದಿದ್ದಾಯಿತು, ಈಗ ಒಂದು ಮನೆಯ ಬಾಡಿಗೆ ಅಂದಾಜು ಮಾಡಬೇಕಿದೆ. ಸಾವಿರ ಚದರಡಿ, ಮೆಟ್ರೊಗೆ ಎರಡು ಕಿಲೋಮೀಟರ್, ಕಾವೇರಿ ಇದೆ, ಫರ್ನಿಶ್ಡ್ ಅಲ್ಲ. ಮೊದಲಿನ ಮಾದರಿಯ ಪ್ರಕಾರ ಲಾಗ್ ಬಾಡಿಗೆ 9.30 + 0.85 − 0.124 + 0.148, ಅಂದರೆ 10.174. `exp` ಹಾಕಿದರೆ ಸುಮಾರು ₹26,213.

ಆರು ಮನೆಗಳ ಲೆಕ್ಕದಲ್ಲಿ ನೋಡಿದ ಸಂಗತಿ ಇಲ್ಲಿ ಮತ್ತೆ ಎದುರಾಗುತ್ತದೆ. ₹26,213 ಎನ್ನುವುದು ಇಂಥ ಮನೆಗಳ ಗುಣೋತ್ತರ ಸರಾಸರಿ. ಶೇಷಗಳು ಎರಡೂ ಕಡೆ ಸಮನಾಗಿ ಹರಡಿದ್ದರೆ ಅದೇ ಮಧ್ಯಮ ಬಾಡಿಗೆಯೂ ಹೌದು, ಅಂದರೆ ಅರ್ಧ ಮನೆಗಳು ಅದಕ್ಕಿಂತ ಕೆಳಗೆ, ಅರ್ಧ ಮೇಲೆ. ಕೂಡಿ ಭಾಗಿಸಿ ಬರುವ ಸರಾಸರಿ ಅದಕ್ಕಿಂತ ಹೆಚ್ಚಿರುತ್ತದೆ. ಬಾಡಿಗೆಗೆ ಬರುವವನಿಗೆ ಮೊದಲ ಸಂಖ್ಯೆಯೇ ಸಾಕು. ಇಂಥ ನೂರು ಮನೆಗಳನ್ನು ಹಿಡಿದು ಒಟ್ಟು ಬಾಡಿಗೆ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕುವವನಿಗೆ ಎರಡನೆಯದು ಬೇಕು. ಅವನು ₹26,213ನ್ನು ನೂರರಿಂದ ಗುಣಿಸಿದರೆ ಒಟ್ಟು ಮೊತ್ತ ಖಂಡಿತ ಕಡಿಮೆ ಬೀಳುತ್ತದೆ.

ತಿದ್ದುಪಡಿಗೆ ಎರಡು ದಾರಿಗಳಿವೆ. ಶೇಷಗಳ ಪ್ರಮಾಣ ವಿಚಲನೆ 0.32 ಆಗಿದ್ದು ಅವು ಗಂಟೆಯಾಕಾರದಲ್ಲಿ ಹರಡಿದ್ದರೆ, 0.32ರ ವರ್ಗದ ಅರ್ಧ 0.0512, ಅದಕ್ಕೆ `exp` ಹಾಕಿದರೆ 1.0525. ಇದರಿಂದ ಗುಣಿಸಿದಾಗ ಸರಾಸರಿ ₹27,590 ಆಗುತ್ತದೆ. ಹರಡುವಿಕೆಯ ಆಕಾರದ ಬಗ್ಗೆ ಏನನ್ನೂ ಊಹಿಸಲು ಇಷ್ಟವಿಲ್ಲದಿದ್ದರೆ 1983ರಲ್ಲಿ ನಯ್‌ಹುವಾ ಡುವಾನ್ ಸೂಚಿಸಿದ ವಿಧಾನವಿದೆ: ಪ್ರತಿ ಶೇಷಕ್ಕೂ `exp` ಹಾಕಿ ಅವುಗಳ ಸರಾಸರಿಯನ್ನೇ ಗುಣಕವಾಗಿ ಬಳಸುವುದು.

```r
mean(exp(resid(m2)))
```

ನಾನು ಎರಡನ್ನೂ ಲೆಕ್ಕ ಹಾಕಿ ನೋಡುತ್ತೇನೆ. ಎರಡೂ ಹತ್ತಿರ ಹತ್ತಿರ ಬಂದರೆ ನೆಮ್ಮದಿ; ಒಂದು 1.05 ಇನ್ನೊಂದು 1.20 ಬಂದರೆ ಶೇಷಗಳಲ್ಲಿ ಒಂದೆರಡು ವಿಪರೀತ ಬಾಡಿಗೆಗಳು ಅಡಗಿವೆ ಎಂದು ಹುಡುಕಲು ಹೊರಡುತ್ತೇನೆ. ಹೆಚ್ಚಿನ ಸಲ ಸಿಗುವುದು ಒಂದು ಸೊನ್ನೆ ಹೆಚ್ಚು ಒತ್ತಿದ ಬಾಡಿಗೆ. ಒಂದೇ ಮನೆಯ ಬಾಡಿಗೆ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂಬ ಪ್ರಶ್ನೆಗಾದರೆ ಈ ಗುಣಕ ಬೇಡ. ಲಾಗ್ ಮಾನದಲ್ಲೇ 10.174ರ ಎರಡೂ ಕಡೆ 1.96 × 0.32 ಇಟ್ಟು ತುದಿಗಳನ್ನು ತಿರುಗಿಸಿದರೆ ಸುಮಾರು ₹14,000ದಿಂದ ₹49,080. ಇಷ್ಟು ಅಗಲವೇ ಎಂದು ಬೇಸರವಾದರೂ, ನಾಲ್ಕೇ ಅಂಶ ನೋಡಿ ಬಾಡಿಗೆ ಹೇಳುವವರಿಗೆ ಅದೇ ನ್ಯಾಯ.

ಭೋಗ್ಯದ ಮನೆ ಮತ್ತು ಸೊನ್ನೆಯ ಸಮಸ್ಯೆ

ಇಲ್ಲಿನ ಪಟ್ಟಿಗಳಲ್ಲಿ ಭೋಗ್ಯದ ಮನೆಗಳೂ ಸೇರಿಕೊಂಡಿರುತ್ತವೆ. ದೊಡ್ಡ ಮೊತ್ತವನ್ನು ಒಮ್ಮೆಗೆ ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಹಣ ವಾಪಸ್ ಪಡೆಯುವ ಈ ಲೀಸ್ ಮನೆಗಳ ಬಾಡಿಗೆ ಕಾಲಂನಲ್ಲಿ ಸೊನ್ನೆ ಇರುತ್ತದೆ. ಸೊನ್ನೆಗೆ ಲಾಗ್ ಇಲ್ಲ. R `-Inf` ಕೊಡುತ್ತದೆ, `lm` ಅಲ್ಲಿಗೆ `NA/NaN/Inf in 'y'` ಎಂದು ಹೇಳಿ ನಿಂತುಬಿಡುತ್ತದೆ. ಆಗ ಎಲ್ಲ ಬಾಡಿಗೆಗೂ ಒಂದು ಕೂಡಿಸಿ `log(rent + 1)` ಬರೆದು ಮುಂದೆ ಹೋಗುವುದು ಎಲ್ಲರೂ ಮಾಡುವ ಕೆಲಸ. ಅದರಿಂದ ಏನಾಗುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿ ನೋಡಬೇಕು.

ಒಂದು ಬಡಾವಣೆಯಲ್ಲಿ ಹತ್ತು ಮನೆ, ಎಲ್ಲದಕ್ಕೂ ₹20,000 ಬಾಡಿಗೆ. ಇನ್ನೊಂದರಲ್ಲೂ ಹತ್ತು ಮನೆ. ಒಂಬತ್ತಕ್ಕೆ ₹20,000, ಒಂದು ಭೋಗ್ಯದ್ದು, ಸೊನ್ನೆ. ಸಾಧಾರಣ ಸರಾಸರಿಯಲ್ಲಿ ಎರಡನೆಯ ಬಡಾವಣೆ ಶೇ. 10 ಕಡಿಮೆ. ಒಂದು ಕೂಡಿಸಿ ಲಾಗ್ ತೆಗೆದರೆ ಗುಣಾಂಕ −0.990 ಬಂದು, ತಿರುಗಿಸಿದಾಗ ಶೇ. 62.9 ಕಡಿಮೆ ಎನ್ನುತ್ತದೆ. ಇದೇ ಬಾಡಿಗೆಗಳನ್ನು ಸಾವಿರ ರೂಪಾಯಿಗಳ ಲೆಕ್ಕದಲ್ಲಿ 20 ಎಂದು ಬರೆದು ಒಂದು ಕೂಡಿಸಿದರೆ ಗುಣಾಂಕ −0.304, ಶೇ. 26.2 ಕಡಿಮೆ. ಮನೆಗಳು ಅವೇ, ಬಾಡಿಗೆಯೂ ಅದೇ. ಬರೆದ ಮಾನ ಬದಲಾದದ್ದಕ್ಕೆ ಉತ್ತರ ಬದಲಾಯಿತು. ಸೊನ್ನೆಯೇ ಇಲ್ಲದ ಕಡತದಲ್ಲಿ ಬರಿಯ ಲಾಗ್ ತೆಗೆದರೆ ಹೀಗಾಗುವುದಿಲ್ಲ. ರೂಪಾಯಿಯನ್ನು ಸಾವಿರಕ್ಕೆ ಬದಲಿಸಿದರೆ ಸ್ಥಿರಾಂಕ ಮಾತ್ರ ಬದಲಾಗಿ ಉಳಿದ ಗುಣಾಂಕಗಳು ಇದ್ದಂತೆಯೇ ಇರುತ್ತವೆ. ಆದ್ದರಿಂದ ಒಂದು ಕೂಡಿಸಿದ ಮಾದರಿಯ ಗುಣಾಂಕವನ್ನು ಶೇಕಡಾ ಎಂದು ಓದುವುದಕ್ಕೆ ಆಧಾರವೇ ಇಲ್ಲ.

ಭೋಗ್ಯದ ವಿಷಯದಲ್ಲಿ ನನ್ನ ತೀರ್ಮಾನ ಸರಳ: ಆ ಸೊನ್ನೆ ಸಣ್ಣ ಬಾಡಿಗೆಯಲ್ಲ, ಬೇರೆಯೇ ವ್ಯವಹಾರ. ಅವನ್ನು ಬೇರೆ ಇಟ್ಟು, ಎಷ್ಟು ಮನೆಗಳನ್ನು ಬಿಟ್ಟಿದ್ದೇನೆ ಎಂದು ಬರೆದು ಮುಂದುವರಿಯಬೇಕು. ಸೊನ್ನೆ ನಿಜವಾಗಿಯೂ ಅದೇ ಅಳತೆಯ ಸೊನ್ನೆಯಾಗಿರುವ ಸಂದರ್ಭಗಳಲ್ಲಿ, ಉದಾಹರಣೆಗೆ ಒಂದು ಅಂಗಡಿಯ ದಿನದ ವ್ಯಾಪಾರದಲ್ಲಿ, ಅವಲಂಬಿತ ಚರವನ್ನು ಮುಟ್ಟದೆ ಅದರ ಸರಾಸರಿಯ ಲಾಗನ್ನು ಮಾದರಿಗೆ ಒಳಪಡಿಸುವ ಪಾಯ್ಸಾನ್ ವಿಧಾನ ಉತ್ತಮ. ಅಂತರರಾಷ್ಟ್ರೀಯ ವ್ಯಾಪಾರದ ಅಂಕಿಗಳಿಗೆ ಇದನ್ನು ಬಳಸಬೇಕೆಂದು ಸಾಂಟೋಸ್ ಸಿಲ್ವಾ ಮತ್ತು ಟೆನ್ರೇರೊ 2006ರಲ್ಲಿ ವಾದಿಸಿದ ಮೇಲೆ ಇದು ಬಳಕೆಗೆ ಚೆನ್ನಾಗಿ ಬಂದಿದೆ.

```r
m3 <- glm(rent ~ area100 + metro_km + kaveri + furnished,
          family = quasipoisson(link = "log"), data = d)
```

ಇದರ ಗುಣಾಂಕವನ್ನೂ `exp` ಹಾಕಿಯೇ ಓದುವುದು. ಶೇಕಡಾ ಮಾತ್ರ ಸಾಧಾರಣ ಸರಾಸರಿಯ ಬಗ್ಗೆ. ಮೊದಲ ಆರು ಮನೆಗಳನ್ನು ಇದಕ್ಕೆ ಕೊಟ್ಟರೆ ಫರ್ನಿಶ್ಡ್ ಗುಣಾಂಕ 0.4055 ಬದಲು 0.443 ಬರುತ್ತದೆ, ತಿರುಗಿಸಿದರೆ ಆಗ ಕಂಡ ಅದೇ ಶೇ. 55.7. ಸೊನ್ನೆಗಳಿಲ್ಲದ ಕಡತದಲ್ಲೂ ಎರಡು ವಿಧಾನಗಳ ಶೇಕಡಾಗಳು ದೂರ ಸರಿದರೆ, ಆ ಅಂಶ ಬಾಡಿಗೆಯ ಮಟ್ಟವನ್ನಷ್ಟೇ ಅಲ್ಲ, ಹರಡುವಿಕೆಯನ್ನೂ ಬದಲಿಸುತ್ತಿದೆಯೇ ಎಂದು ಎರಡು ಗುಂಪುಗಳ ಶೇಷಗಳನ್ನು ಬೇರೆಬೇರೆಯಾಗಿ ಬಿಡಿಸಿ ನೋಡಬೇಕು.

ವರದಿಯಲ್ಲಿ ಬರೆಯುವ ವಾಕ್ಯ

ಲಾಗ್ ಮಾದರಿಯ ಫಲಿತಾಂಶವನ್ನು ನಾನು ಹೀಗೆ ಬರೆಯುತ್ತೇನೆ: “ವಿಸ್ತೀರ್ಣ, ಮೆಟ್ರೊ ದೂರ ಮತ್ತು ಕಾವೇರಿ ಸಂಪರ್ಕ ಒಂದೇ ಆಗಿರುವ ಮನೆಗಳಲ್ಲಿ, ಫರ್ನಿಶ್ಡ್ ಮನೆಗಳ ಬಾಡಿಗೆಯ ಗುಣೋತ್ತರ ಸರಾಸರಿ ಖಾಲಿ ಮನೆಗಳದಕ್ಕಿಂತ ಶೇ. 50 ಹೆಚ್ಚಿದೆ; ಶೇ. 95ರ ವಿಶ್ವಾಸಾಂತರ ಶೇ. 37ರಿಂದ ಶೇ. 64. ಭೋಗ್ಯದ ಮನೆಗಳನ್ನು ಲೆಕ್ಕಕ್ಕೆ ಸೇರಿಸಿಲ್ಲ, ಮೇಂಟೆನೆನ್ಸ್ ಕಳೆದಿದೆ.” ಸೋಫಾ ಹಾಕಿಸಿದರೆ ನಿಮ್ಮ ಮನೆಯ ಬಾಡಿಗೆ ಶೇ. 50 ಏರುತ್ತದೆ ಎಂದು ಇದರಿಂದ ಬರೆಯುವಂತಿಲ್ಲ: ಫರ್ನಿಶ್ಡ್ ಮನೆಗಳು ಹೆಚ್ಚಾಗಿ ಹೊಸ ಅಪಾರ್ಟ್‌ಮೆಂಟ್‌ಗಳಲ್ಲೇ ಇರುತ್ತವೆ, ಕಟ್ಟಡದ ವಯಸ್ಸು ನಮ್ಮ ಕಡತದಲ್ಲಿ ಇರಲೇ ಇಲ್ಲ.